ತಿರುಚಿದ ಏಕಗೋಡೆ ಹೂದಾನಿ: ಗೋಡೆ ಎಲ್ಲಿ ಬಿಟ್ಟುಕೊಳ್ಳುತ್ತದೆ, ಏಕೆ?

ಒಣಗಿಸಿದ ಹಿಂಗಾರ ಇಡಲು ನನಗೊಂದು ಹೂದಾನಿ ಬೇಕಾಗಿತ್ತು. 150 ಮಿಲಿಮೀಟರ್ ಎತ್ತರ, ಸುತ್ತಲೂ ಹನ್ನೆರಡು ಏಣು, ಆ ಏಣುಗಳೆಲ್ಲ ಹುರಿ ಹೊಸೆದಂತೆ ಬುಡದಿಂದ ಬಾಯಿಯವರೆಗೆ ಪೂರ್ತಿ ಒಂದು ಸುತ್ತು ತಿರುಗಿರಬೇಕು ಎಂದು ವಿನ್ಯಾಸ ಮಾಡಿದೆ. ಕಂಪ್ಯೂಟರ್ ಪರದೆಯ ಮೇಲೆ ಅದು ಬಹಳ ಚೆನ್ನಾಗಿತ್ತು. 3ಡಿ ಪ್ರಿಂಟರಿನಲ್ಲಿ ಪ್ರಿಂಟ್ ಆಗಿ ಕೈಗೆ ಬಂದಾಗ ಏಣಿನ ನೆತ್ತಿಗಳು ಗಟ್ಟಿಯಾಗಿದ್ದವು, ಏಣುಗಳ ನಡುವಿನ ತಗ್ಗುಗಳೂ ಗಟ್ಟಿಯಾಗಿದ್ದವು. ಆದರೆ ಎರಡರ ನಡುವಿನ ಇಳಿಜಾರುಗಳಲ್ಲಿ ಪ್ಲಾಸ್ಟಿಕ್ ಎಳೆಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ನಿಂತಿದ್ದವು. ದೀಪಕ್ಕೆ ಹಿಡಿದರೆ ಬೆಳಕು ತೂರುತ್ತಿತ್ತು.

ಆ ಹೂದಾನಿಯನ್ನು ಸರಿಪಡಿಸಲು ಹೊರಟು ನಾನು ಕಲಿತದ್ದನ್ನು ಇಲ್ಲಿ ಕಣ್ಣಿಗೆ ಕಾಣುವ ಲಕ್ಷಣಗಳ ಪ್ರಕಾರ ಬರೆದಿದ್ದೇನೆ. ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ, ವಿನ್ಯಾಸವನ್ನೇ ಬದಲಿಸುವ ಕೆಲಸ ಆಮೇಲೆ. ಅಂಕಿಗಳೆಲ್ಲ 0.4 ಮಿಲಿಮೀಟರ್ ನಾಝಲ್ ಮತ್ತು ಪಿಎಲ್‌ಎ ಫಿಲಮೆಂಟಿಗೆ ಹೊಂದುತ್ತವೆ.

ಮೊದಲಿಗೆ ಇಂಥವನ್ನು ಪ್ರಿಂಟ್ ಮಾಡುವ ಹೂದಾನಿ ವಿಧಾನದ ಸ್ವರೂಪವನ್ನು ತಿಳಿದುಕೊಳ್ಳಬೇಕು. ಸಾಮಾನ್ಯ ಪ್ರಿಂಟಿನಲ್ಲಿ ಯಂತ್ರ ಒಂದು ಪದರ ಮುಗಿಸಿ, ನಾಝಲ್ ಎತ್ತಿ, ಮುಂದಿನ ಪದರ ಆರಂಭಿಸುತ್ತದೆ. ಹೂದಾನಿ ವಿಧಾನದಲ್ಲಿ ತಳ ಮುಗಿದ ಮೇಲೆ ಎತ್ತುವುದು, ನಿಲ್ಲಿಸುವುದು ಎಂಬುದೇ ಇಲ್ಲ. ಚಕ್ಕುಲಿ ಒರಳಿನಿಂದ ಎಳೆ ಕಡಿಯದೆ ಸುತ್ತಿದಂತೆ, ಒಂದೇ ಎಳೆ ಸುತ್ತುತ್ತ ಸುತ್ತುತ್ತ ಮೇಲೇರುತ್ತದೆ. ಗೋಡೆಯ ದಪ್ಪ ಎಂದರೆ ಆ ಒಂದು ಎಳೆಯ ಅಗಲ, ಅಷ್ಟೇ. ಒಳಗೆ ತುಂಬುವಿಕೆ ಇಲ್ಲ, ಹಿಂದೆ ಎರಡನೆಯ ಗೋಡೆ ಇಲ್ಲ, ಆಧಾರದ ಕಂಬಗಳಿಲ್ಲ. ಪ್ರತಿ ಸುತ್ತಿಗೂ ಅದರ ಕೆಳಗಿನ ಸುತ್ತೊಂದೇ ಆಸರೆ.

ಲಕ್ಷಣ: ಪ್ರಿವ್ಯೂನಲ್ಲೇ ಎಳೆ ಅಲ್ಲಲ್ಲಿ ಹಾರುತ್ತಿದೆ, ಅಥವಾ ಗೋಡೆ ಎರಡಾಗಿ ಕಾಣುತ್ತಿದೆ

ಇದಕ್ಕೆ ಒಂದು ಗ್ರಾಂ ಫಿಲಮೆಂಟೂ ಖರ್ಚಾಗುವುದಿಲ್ಲ. ಆಕೃತಿಯನ್ನು ಪದರಗಳಾಗಿ ಕತ್ತರಿಸಿಕೊಡುವ ತಂತ್ರಾಂಶವಾದ ಸ್ಲೈಸರಿನ ಪ್ರಿವ್ಯೂ ತೆರೆದು, ಪಕ್ಕದ ಜಾರುಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ಪ್ರತಿ ಎತ್ತರದಲ್ಲೂ ಒಂದೇ ಒಂದು ಮುಚ್ಚಿದ ಗೆರೆ ಇರಬೇಕು.

ಎರಡು ಗೆರೆ ಕಂಡರೆ ನೀವು ಹೂದಾನಿಯನ್ನು ಪೊಳ್ಳಾಗಿ ವಿನ್ಯಾಸ ಮಾಡಿದ್ದೀರಿ ಎಂದರ್ಥ. ಹೂದಾನಿ ಎಂದ ಕೂಡಲೇ ಒಳಗೆ ಪೊಳ್ಳು ಇರಬೇಕೆಂದು ಮನಸ್ಸು ಹೇಳುವುದು ಸಹಜ. ಆದರೆ ಈ ವಿಧಾನಕ್ಕೆ ಬೇಕಾದದ್ದು ಒಳಗೆ ಪೂರ್ತಿ ತುಂಬಿದ ಗಟ್ಟಿ ಆಕೃತಿ. ಸ್ಲೈಸರ್ ಅದರ ಹೊರಮೈಯನ್ನು ಮಾತ್ರ ಹಿಡಿದು ಪೊಳ್ಳು ಹೂದಾನಿ ಮಾಡುತ್ತದೆ. ಪೊಳ್ಳು ಮಾಡುವ ಹಂತವನ್ನು ವಿನ್ಯಾಸದಿಂದ ಅಳಿಸಿಹಾಕಿ.

ಬಾಯಿಯ ಹತ್ತಿರ ಮಾತ್ರ ಗೆರೆ ತುಂಡುತುಂಡಾಗಿದ್ದರೆ ಬಾಯಿಯ ಅಂಚನ್ನು ಹೂವಿನ ಎಸಳಿನಂತೆ ಏರಿಳಿತವಾಗಿ ಕತ್ತರಿಸಿರುತ್ತೀರಿ. ಆ ಎತ್ತರದಲ್ಲಿ ಪ್ರತಿ ಎಸಳೂ ಬೇರೆ ದ್ವೀಪವಾಗುತ್ತದೆ. ಒಂದೇ ಎಳೆ ಹಲವು ದ್ವೀಪಗಳನ್ನು ಸುತ್ತಲಾರದು. ಏಕಗೋಡೆ ಹೂದಾನಿಯ ಬಾಯಿ ಸಮತಟ್ಟಾಗಿರಬೇಕು. ಇದರಲ್ಲಿ ರಾಜಿ ಇಲ್ಲ.

ಹೂದಾನಿ ವಿಧಾನದ ಆಯ್ಕೆ ನಿಜವಾಗಿಯೂ ಆನ್ ಆಗಿದೆಯೇ ಎಂಬುದನ್ನೂ ಇಲ್ಲೇ ನೋಡಿಕೊಳ್ಳಿ. PrusaSlicer ತಂತ್ರಾಂಶದಲ್ಲಿ ಅದರ ಹೆಸರು `Spiral vase`, Cura ತಂತ್ರಾಂಶದಲ್ಲಿ `Spiralize Outer Contour`. ಗೋಡೆಯ ಸಂಖ್ಯೆ ಒಂದು, ಒಳತುಂಬುವಿಕೆ ಸೊನ್ನೆ, ಮೇಲ್ಭಾಗದ ಪದರ ಸೊನ್ನೆ, ಆಧಾರ ಇಲ್ಲ: ಇಷ್ಟು ಇರಬೇಕು.

ಲಕ್ಷಣ: ಗೋಡೆಯ ಉದ್ದಕ್ಕೂ ಎಲ್ಲೆಂದರಲ್ಲಿ ಸಣ್ಣ ತೂತುಗಳು

ತೂತುಗಳಿಗೆ ಕ್ರಮವೇ ಇಲ್ಲದಿದ್ದರೆ, ಅಂದರೆ ನೆತ್ತಿಯಲ್ಲೂ ಇವೆ, ತಗ್ಗಿನಲ್ಲೂ ಇವೆ, ಇಳಿಜಾರಿನಲ್ಲೂ ಇವೆ ಎಂದಾದರೆ, ವಿನ್ಯಾಸವನ್ನು ಮುಟ್ಟಬೇಡಿ. ಅದೇ ಸೆಟ್ಟಿಂಗಿನಲ್ಲಿ 40 ಮಿಲಿಮೀಟರ್ ವ್ಯಾಸ, 30 ಮಿಲಿಮೀಟರ್ ಎತ್ತರದ ಸಾದಾ ಸಿಲಿಂಡರ್ ಒಂದನ್ನು ಹೂದಾನಿ ವಿಧಾನದಲ್ಲಿ ಪ್ರಿಂಟ್ ಮಾಡಿ. ನೇರ ನಿಂತ ದುಂಡು ಗೋಡೆಗೆ ತಿರುವಿನ ಕಷ್ಟವಿಲ್ಲ, ಉಬ್ಬಿನ ಕಷ್ಟವಿಲ್ಲ. ಅದರಲ್ಲೂ ತೂತು ಬಂದರೆ ದೋಷ ಫಿಲಮೆಂಟಿನಲ್ಲೋ ಯಂತ್ರದಲ್ಲೋ ಇದೆ.

ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲ ಕಳೆಯುವವರಿಗೆ ಮೊದಲ ಅನುಮಾನ ತೇವದ ಮೇಲೆ ಬರಬೇಕು. ಒದ್ದೆಯಾದ ಫಿಲಮೆಂಟ್ ನಾಝಲಿನಲ್ಲಿ ಸಣ್ಣಗೆ ಸಿಡಿಯುತ್ತದೆ, ಕಿವಿಗೊಟ್ಟರೆ ಆ ಚಟಪಟ ಸದ್ದು ಕೇಳಿಸುತ್ತದೆ. ಮೂರು ಗೋಡೆಯ ಸಾಮಾನ್ಯ ಪ್ರಿಂಟಿನಲ್ಲಿ ಆ ಗುಳ್ಳೆಯನ್ನು ಪಕ್ಕದ ಗೋಡೆ ಮುಚ್ಚುತ್ತದೆ. ಇಲ್ಲಿ ಪಕ್ಕದ ಗೋಡೆ ಇಲ್ಲ, ಗುಳ್ಳೆ ನೇರವಾಗಿ ತೂತಾಗುತ್ತದೆ. ಫಿಲಮೆಂಟನ್ನು ಅದಕ್ಕೆಂದೇ ಇರುವ ಡ್ರೈಯರಿನಲ್ಲಿ ಒಣಗಿಸಿ. ಅಡುಗೆಮನೆಯ ಓವನ್ ಬೇಡ. ಅದರ ಉಷ್ಣತೆ ಹೇಳಿದಷ್ಟಕ್ಕೆ ನಿಲ್ಲುವುದಿಲ್ಲ, ಪಿಎಲ್‌ಎ 60 ಡಿಗ್ರಿ ದಾಟುವಾಗಲೇ ಮೆತ್ತಗಾಗಿ ಸುರುಳಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಸಿಲಿಂಡರ್ ಚೆನ್ನಾಗಿ ಬಂದು ಹೂದಾನಿ ಮಾತ್ರ ಕೆಟ್ಟಿದ್ದರೆ ಯಂತ್ರ ನಿರ್ದೋಷಿ. ಮುಂದೆ ಓದಿ.

ಲಕ್ಷಣ: ನೆತ್ತಿ ಮತ್ತು ತಗ್ಗು ಗಟ್ಟಿ, ನಡುವಿನ ಇಳಿಜಾರಿನಲ್ಲಿ ಎಳೆ ಬಿಟ್ಟುಕೊಂಡಿದೆ

ನನ್ನ ಹೂದಾನಿಗೆ ಬಂದ ರೋಗ ಇದು. ತಿರುಚಿದ ಹೂದಾನಿಗಳಲ್ಲಿ ನಾನು ಕಂಡ ಕಾಯಿಲೆಗಳಲ್ಲಿ ಹೆಚ್ಚಿನವೂ ಇದೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ದುಂಡು ಕಂಬವನ್ನು ಎಷ್ಟು ತಿರುಚಿದರೂ ಅದು ದುಂಡು ಕಂಬವೇ. ಪ್ರತಿ ಪದರ ತಿರುಗಿದರೂ ಗೋಡೆ ಕದಲುವುದಿಲ್ಲ. ಏಣುಗಳಿದ್ದಾಗ ಹಾಗಲ್ಲ. ಪದರ ತಿರುಗಿದಾಗ ಏಣಿನ ಒಂದು ಪಕ್ಕ ಹೊರಕ್ಕೆ ಸರಿಯುತ್ತದೆ, ಇನ್ನೊಂದು ಪಕ್ಕ ಒಳಕ್ಕೆ ಸರಿಯುತ್ತದೆ. ನೆತ್ತಿಯಲ್ಲಿ ಮತ್ತು ತಗ್ಗಿನ ತಳದಲ್ಲಿ ಗೋಡೆ ತಿರುಗುವ ದಿಕ್ಕಿಗೇ ಸಮಾನಾಂತರವಾಗಿರುವುದರಿಂದ ಅಲ್ಲಿ ಸರಿತ ಬಹುತೇಕ ಸೊನ್ನೆ. ಹಾಗಾಗಿ ಅವೆರಡು ಗಟ್ಟಿಯಾಗಿ ಉಳಿದು ಇಳಿಜಾರು ಮಾತ್ರ ಕೆಡುತ್ತದೆ. ಈ ಕ್ರಮ ಕಂಡರೆ ತಿರುವು ಅತಿಯಾಗಿದೆ ಎಂಬುದರಲ್ಲಿ ಸಂಶಯವೇ ಬೇಡ.

ಒಳಕ್ಕೆ ಸರಿಯುವ ಪಕ್ಕಕ್ಕೂ ಅಪಾಯವಿದೆ ಎಂಬುದನ್ನು ಗಮನಿಸಿ. ಸಾಮಾನ್ಯ ಪ್ರಿಂಟಿನಲ್ಲಿ ಒಳಕ್ಕೆ ವಾಲಿದ ಗೋಡೆಗೆ ಕೆಳಗೆ ಒಳತುಂಬುವಿಕೆಯ ಆಸರೆ ಇರುತ್ತದೆ. ಏಕಗೋಡೆಯಲ್ಲಿ ಒಳಗೆ ಬರೀ ಗಾಳಿ. ಹೊರಕ್ಕೆ ಸರಿದರೂ ಒಳಕ್ಕೆ ಸರಿದರೂ ಕೆಳಗಿನ ಎಳೆಯ ಮೇಲೆ ಕೂರುವ ಭಾಗ ಅಷ್ಟೇ ಕಡಿಮೆಯಾಗುತ್ತದೆ. ಆದ್ದರಿಂದ ಎರಡೂ ಪಕ್ಕ ಸಮವಾಗಿ ಕೆಟ್ಟಿದ್ದರೆ ತಿರುವು ಒಂದೇ ಕಾರಣ. ಒಂದು ಪಕ್ಕ ಮಾತ್ರ ಹೆಚ್ಚು ಕೆಟ್ಟಿದ್ದರೆ ತಿರುವಿನ ಜೊತೆಗೆ ಹೊಟ್ಟೆಯ ಉಬ್ಬು ಸೇರಿಕೊಂಡಿದೆ. ಹೂದಾನಿ ಅಗಲವಾಗುತ್ತ ಹೋಗುವ ಕೆಳಭಾಗದಲ್ಲಿ ಹೊರಕ್ಕೆ ಸರಿಯುವ ಪಕ್ಕಕ್ಕೆ ಉಬ್ಬಿನ ಇಳಿಜಾರು ಕೂಡಿಕೊಳ್ಳುತ್ತದೆ, ಇನ್ನೊಂದು ಪಕ್ಕದಲ್ಲಿ ಕಳೆಯುತ್ತದೆ. ಕುತ್ತಿಗೆ ಕಿರಿದಾಗುವ ಮೇಲ್ಭಾಗದಲ್ಲಿ ಇದು ತಿರುವುಮುರುವಾಗುತ್ತದೆ.

ಎಷ್ಟು ಸರಿಯುತ್ತದೆ ಎಂಬುದನ್ನು ಪ್ರಿಂಟ್ ಮಾಡುವ ಮೊದಲೇ ಲೆಕ್ಕ ಹಾಕಬಹುದು. `T` ಒಟ್ಟು ತಿರುವು ಡಿಗ್ರಿಗಳಲ್ಲಿ, `H` ಎತ್ತರ, `n` ಏಣುಗಳ ಸಂಖ್ಯೆ, `R` ಸರಾಸರಿ ತ್ರಿಜ್ಯ, `a` ಆ ಸರಾಸರಿಯಿಂದ ನೆತ್ತಿ ಎಷ್ಟು ಹೊರಗಿದೆ ಎಂಬ ಅಳತೆ, ಮುಂದೆ ಏಣಿನ ಆಳ ಎನ್ನುವುದು ಇದನ್ನೇ.

```
w = (T / 57.3) / H
s = w * a * n / sqrt(1 + (a*n/R)^2)
shift = s * layer_height
```

`s` ಎಂಬುದು ಗೋಡೆಯ ವಾಲು. ಅದು 1 ಆದರೆ ಗೋಡೆ 45 ಡಿಗ್ರಿ ವಾಲಿದೆ ಎಂದರ್ಥ. `shift` ಎಂದರೆ ಒಂದು ಸುತ್ತಿಗೆ ಎಳೆ ಎಷ್ಟು ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ ಎಂಬುದು. ವರ್ಗಮೂಲದ ಭಾಗವನ್ನು ಬಿಟ್ಟು ಲೆಕ್ಕ ಹಾಕುವವರಿದ್ದಾರೆ, ಆಗ ಉತ್ತರ ಬಹಳ ದೊಡ್ಡದಾಗಿ ಬಂದು ಒಳ್ಳೆಯ ವಿನ್ಯಾಸವನ್ನೂ ಕೈಬಿಡಬೇಕಾಗುತ್ತದೆ. ಇಳಿಜಾರು ಕಡಿದಾದಷ್ಟೂ ಸರಿತ ಗೋಡೆಗೆ ಅಡ್ಡಲಾಗಿ ಹಂಚಿಹೋಗುತ್ತದೆ, ಆ ಭಾಗ ಅದನ್ನೇ ಸರಿದೂಗಿಸುತ್ತದೆ.

ನನ್ನ ಹೂದಾನಿಯ ಅಂಕಿಗಳನ್ನು ಇದರಲ್ಲಿ ಇಡೋಣ. ಹೊಟ್ಟೆಯ ಬಳಿ ತ್ರಿಜ್ಯ 45, ಏಣು 12, ಆಳ 6, ಎತ್ತರ 150, ತಿರುವು 360 ಡಿಗ್ರಿ. ವಾಲು 1.6 ಎಂದು ಬರುತ್ತದೆ, ಅಂದರೆ ಸುಮಾರು 58 ಡಿಗ್ರಿ. 0.2 ಮಿಲಿಮೀಟರ್ ಪದರದಲ್ಲಿ ಪ್ರತಿ ಸುತ್ತಿಗೂ ಎಳೆ 0.32 ಮಿಲಿಮೀಟರ್ ಸರಿಯುತ್ತಿತ್ತು. ಎಳೆಯ ಅಗಲವೇ 0.45 ಮಿಲಿಮೀಟರ್ ಇದ್ದಾಗ ಕೆಳಗಿನ ಎಳೆಯ ಮೇಲೆ ಕೂತದ್ದು 0.13 ಮಾತ್ರ. ಮೂರನೇ ಒಂದು ಭಾಗವೂ ಅಲ್ಲ. ಬಿಟ್ಟುಕೊಂಡದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ನಾನು ಇಟ್ಟುಕೊಂಡಿರುವ ಮಿತಿ ಹೀಗಿದೆ: ಒಂದು ಸುತ್ತಿನ ಸರಿತ ಎಳೆಯ ಅಗಲದ ಮೂರನೇ ಒಂದು ಭಾಗ ದಾಟಬಾರದು. ಅದರ ಮೇಲೆ ಹೋದರೂ ಕೆಲವೊಮ್ಮೆ ಪ್ರಿಂಟ್ ನಿಲ್ಲುತ್ತದೆ, ಆದರೆ ಬೆರಳಿನಿಂದ ಒತ್ತಿದರೆ ಏಣಿನ ಉದ್ದಕ್ಕೂ ಸೀಳುತ್ತದೆ.

ಸರಿಪಡಿಸಲು ನಾಲ್ಕು ದಾರಿಗಳಿವೆ. ಸುಲಭದ್ದರಿಂದ ಹೇಳುತ್ತೇನೆ.

ಸ್ಲೈಸರಿನಲ್ಲಿ ಎಳೆಯ ಅಗಲವನ್ನು 0.6 ಮಿಲಿಮೀಟರಿಗೆ ಏರಿಸುವುದು ಮೊದಲನೆಯದು. 0.4 ನಾಝಲ್ ಅಷ್ಟು ಅಗಲದ ಎಳೆಯನ್ನು ಒತ್ತಿ ಹಾಕಬಲ್ಲದು, ಗೋಡೆಯೂ ಗಟ್ಟಿಯಾಗುತ್ತದೆ. ನನ್ನ ಮಟ್ಟಿಗೆ ಏಕಗೋಡೆ ಹೂದಾನಿಗೆ 0.45 ಅಗಲ ಯಾವತ್ತೂ ಸಾಲದು, ತಿರುವು ಇರಲಿ ಇಲ್ಲದಿರಲಿ.

ಎರಡನೆಯದು ಪದರದ ಎತ್ತರ ಇಳಿಸುವುದು. ಗೋಡೆಯ ಕೋನ ಬದಲಾಗುವುದಿಲ್ಲ, ಆದರೆ ಅದೇ ವಾಲನ್ನು ಹೆಚ್ಚು ಸುತ್ತುಗಳು ಹಂಚಿಕೊಳ್ಳುತ್ತವೆ. 0.2 ಇದ್ದದ್ದನ್ನು 0.15 ಮಾಡಿದರೆ ನನ್ನ 0.32 ಸರಿತ 0.24 ಆಗುತ್ತದೆ. ಬೆಲೆ ಸಮಯ.

ಮೂರನೆಯದನ್ನು ಅನೇಕರು ಗಮನಿಸುವುದಿಲ್ಲ. ಸ್ಲೈಸರಿನಲ್ಲೇ ಆಕೃತಿಯ ಎತ್ತರವನ್ನು ಮಾತ್ರ ಹಿಗ್ಗಿಸಬಹುದು. ಎತ್ತರ ಒಂದೂವರೆ ಪಟ್ಟಾದರೆ ವಾಲು ಅಷ್ಟೇ ಪಾಲು ಇಳಿಯುತ್ತದೆ. ಆದರೆ ಮೂರೂ ದಿಕ್ಕಿಗೆ ಸಮವಾಗಿ ಹಿಗ್ಗಿಸಿದರೆ ಯಾವ ಪ್ರಯೋಜನವೂ ಇಲ್ಲ, ಏಕೆಂದರೆ ಅಗಲವೂ ಜೊತೆಗೇ ಬೆಳೆದು ಕೋನ ಇದ್ದಂತೆಯೇ ಉಳಿಯುತ್ತದೆ. ಕೆಟ್ಟ ವಿನ್ಯಾಸವನ್ನು ದೊಡ್ಡದಾಗಿ ಮಾಡಿದರೆ ಸರಿಹೋದೀತು ಎಂದು ಹಾಗೆ ಮಾಡಿ, ಇಮ್ಮಡಿ ಫಿಲಮೆಂಟ್ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ನಾಲ್ಕನೆಯದು ವಿನ್ಯಾಸಕ್ಕೆ ಮರಳುವುದು. ಅಲ್ಲಿ ಮೊದಲು ತಿರುವನ್ನು ಇಳಿಸಿ, ಏಣಿನ ಆಳವನ್ನಲ್ಲ. ತಿರುವು ಅರ್ಧವಾದರೆ ವಾಲು ಸರಿಯಾಗಿ ಅರ್ಧವಾಗುತ್ತದೆ. ಆಳ ಅರ್ಧವಾದರೆ ಅಷ್ಟು ಇಳಿಯುವುದಿಲ್ಲ, ವರ್ಗಮೂಲದ ಭಾಗ ಅದನ್ನು ತಿಂದುಹಾಕುತ್ತದೆ. ಮೇಲಾಗಿ ಆಳವಾದ ಏಣುಗಳೇ ಈ ತೆಳು ಗೋಡೆಗೆ ಬಲ ಕೊಡುವಂಥವು. ನಾನು 360 ಡಿಗ್ರಿಯನ್ನು 150ಕ್ಕೆ ಇಳಿಸಿದೆ. ವಾಲು 0.67 ಆಯಿತು, ಸುಮಾರು 34 ಡಿಗ್ರಿ. ಒಂದು ಸುತ್ತಿಗೆ 0.13 ಮಿಲಿಮೀಟರ್ ಸರಿತ, 0.6 ಮಿಲಿಮೀಟರ್ ಎಳೆ. ಸರಿತ ಎಳೆಯ ಕಾಲುಭಾಗಕ್ಕಿಂತ ಕಡಿಮೆ. ತಿರುವು ಕಡಿಮೆಯಾದರೆ ಸೊಬಗು ಹೋಗುತ್ತದೆಂಬ ಭಯವಿತ್ತು, ಹೋಗಲಿಲ್ಲ. ಹನ್ನೆರಡು ಏಣುಗಳಿರುವಾಗ ಪ್ರತಿ ಏಣೂ ಐದು ಏಣುಗಳ ದೂರ ಸಾಗುತ್ತದೆ, ಕಣ್ಣಿಗೆ ಅಷ್ಟು ಧಾರಾಳವಾಗಿ ಸಾಕು.

ಪೂರ್ತಿ ಹೂದಾನಿ ಪ್ರಿಂಟ್ ಮಾಡಿ ನೋಡುವ ಅಗತ್ಯವಿಲ್ಲ. ಸ್ಲೈಸರಿನ ಕತ್ತರಿಸುವ ಸಾಧನದಿಂದ ಹೊಟ್ಟೆಯ ಭಾಗದ 30 ಮಿಲಿಮೀಟರ್ ತುಂಡು ತೆಗೆದು ಅದನ್ನು ಮಾತ್ರ ಪ್ರಿಂಟ್ ಮಾಡಿ. ಸೆಕೆಂಡಿಗೆ 50 ಮಿಲಿಮೀಟರ್ ವೇಗದಲ್ಲಿ ಇದು ಸುಮಾರು ಇಪ್ಪತ್ತು ನಿಮಿಷದ ಕೆಲಸ. ಪೂರ್ತಿ ಹೂದಾನಿಗೆ ಒಂದೂಮುಕ್ಕಾಲು ಗಂಟೆ ಮತ್ತು 46 ಗ್ರಾಂನಷ್ಟು ಫಿಲಮೆಂಟ್ ಬೇಕು. ತುಂಡನ್ನು ದೀಪಕ್ಕೆ ಹಿಡಿದು ನೋಡಿ, ಹೆಬ್ಬೆರಳಿನಿಂದ ಇಳಿಜಾರನ್ನು ಒತ್ತಿ ನೋಡಿ.

ತಿದ್ದಿದ ಆಕೃತಿಯನ್ನು OpenSCAD ತಂತ್ರಾಂಶದಲ್ಲಿ ಹೀಗೆ ಬರೆದಿದ್ದೇನೆ.

```
H=150; T=150; n=12; a=6; N=300; M=360;
function r(z,t)=38+7*sin(180*z/H)+a*cos(n*t);
p=[for(i=[0:N],j=[0:M-1])
   let(z=H*i/N,t=360*j/M,q=r(z,t),w=t+T*z/H)
   [q*cos(w),q*sin(w),z]];
s=[for(i=[0:N-1],j=[0:M-1]) let(k=(j+1)%M)
   [i*M+j,(i+1)*M+j,(i+1)*M+k,i*M+k]];
polyhedron(p,concat(s,
   [[for(j=[0:M-1]) j]],
   [[for(j=[M-1:-1:0]) N*M+j]]));
```

ಎರಡನೆಯ ಸಾಲಿನಲ್ಲಿ ಹೂದಾನಿಯ ಇಡೀ ಆಕಾರವಿದೆ. ಬುಡದಲ್ಲಿ 38 ಮಿಲಿಮೀಟರ್ ತ್ರಿಜ್ಯ, ನಡುವಿನಲ್ಲಿ 7 ಉಬ್ಬಿ 45, ಬಾಯಿಯಲ್ಲಿ ಮತ್ತೆ 38. ಅದನ್ನೊಂದು ಬದಲಿಸಿದರೆ ಬೇರೆ ಹೂದಾನಿ.

ಏಣುಗಳನ್ನು ಹೆಚ್ಚಿಸುವಾಗ ಒಂದು ಎಚ್ಚರ ಬೇಕು. ಏಣು ಹೆಚ್ಚಿದಷ್ಟೂ ತಗ್ಗಿನ ತಿರುವು ಬಿಗಿಯಾಗುತ್ತದೆ. ಈ ವಿನ್ಯಾಸದಲ್ಲಿ ಬುಡದ ತಗ್ಗು ಸುಮಾರು 1.2 ಮಿಲಿಮೀಟರ್ ತ್ರಿಜ್ಯದ ಕಮಾನು. 0.6 ಮಿಲಿಮೀಟರ್ ಎಳೆ ಅಲ್ಲಿ ಸಲೀಸಾಗಿ ತಿರುಗುತ್ತದೆ. ಆದರೆ ಏಣುಗಳನ್ನು ಇಪ್ಪತ್ತನಾಲ್ಕು ಮಾಡಿದರೆ ಅದು 0.3ರ ಆಸುಪಾಸಿಗೆ ಇಳಿದು, ಎಳೆ ತನ್ನ ಮೇಲೆ ತಾನೇ ಬಿದ್ದು ತಗ್ಗಿನಲ್ಲಿ ಗಂಟುಗಟ್ಟುತ್ತದೆ.

ಲಕ್ಷಣ: ಗೋಡೆಯಲ್ಲಿ ಅಡ್ಡಪಟ್ಟಿಗಳು, ಏಣು ಮುರಿದುಮುರಿದು ಸಾಗಿದಂತೆ ಕಾಣುತ್ತದೆ

ಎಳೆ ಗಟ್ಟಿಯಾಗಿದೆ, ತೂತಿಲ್ಲ, ಆದರೆ ಏಣು ನಯವಾಗಿ ಬಳುಕುವ ಬದಲು ಮೂಲೆಮೂಲೆಯಾಗಿ ತಿರುಗಿದೆ. ಇದು ಪ್ರಿಂಟರಿನ ತಪ್ಪಲ್ಲ, ಆಕೃತಿಯನ್ನು ಕೆಲವೇ ಹಂತಗಳಲ್ಲಿ ಕಟ್ಟಿದ್ದೀರಿ. `linear_extrude` ಬಳಸುವವರು `twist` ಕೊಟ್ಟು `slices` ಮರೆತಾಗ ಹೀಗಾಗುತ್ತದೆ. ಹಂತಗಳ ನಡುವೆ ಗೋಡೆ ನೇರ ಗೆರೆಯಲ್ಲಿ ಹೋಗುವುದರಿಂದ ಮೂಲೆಗಳು ಕಾಣುವುದಷ್ಟೇ ಅಲ್ಲ, ಆ ನಡುವಿನ ಜಾಗ ಒಳಕ್ಕೆ ಸೊರಗುತ್ತದೆ. 120 ಡಿಗ್ರಿ ತಿರುವನ್ನು ಎಂಟೇ ಹಂತಗಳಲ್ಲಿ ಕಟ್ಟಿದರೆ 40 ಮಿಲಿಮೀಟರ್ ತ್ರಿಜ್ಯದ ಮೂಲೆಗಳ ನಡುವೆ ಗೋಡೆ 0.34 ಮಿಲಿಮೀಟರ್ ಒಳಗೆ ಹೋಗುತ್ತದೆ, ಅರ್ಧ ಎಳೆಗಿಂತ ಹೆಚ್ಚು. ಅರ್ಧ ಮಿಲಿಮೀಟರಿಗೆ ಒಂದು ಹಂತ ಇಟ್ಟುಕೊಳ್ಳಿ. ಮೇಲಿನ ಬರಹದಲ್ಲಿ `N=300` ಇರುವುದು ಅದಕ್ಕೇ.

ಇದರ ವಿರುದ್ಧ ತುದಿಯಲ್ಲೂ ತೊಂದರೆ ಇದೆ. ನಯ ಹೆಚ್ಚಲೆಂದು ಒಂದು ಸುತ್ತಿನ ತುಣುಕುಗಳ ಸಂಖ್ಯೆಯಾದ `M` ಅನ್ನು ಎರಡು ಸಾವಿರ ಮಾಡಿದರೆ ಗೋಡೆಯ ಮೇಲೆ ಬೆವರುಸಾಲೆಯಂತೆ ಸಣ್ಣ ಗುಳ್ಳೆಗಳು ಏಳಬಹುದು. ಹಳೆಯ 8 ಬಿಟ್ ಬೋರ್ಡುಗಳು ಸೆಕೆಂಡಿಗೆ ನೂರಾರು ತುಣುಕುಗಳ ಆದೇಶವನ್ನು ಓದಿ ಮುಗಿಸಲಾರದೆ ಕ್ಷಣ ಕ್ಷಣ ತಡವರಿಸುತ್ತವೆ, ಆ ತಡವರಿಕೆಯಲ್ಲಿ ಪ್ಲಾಸ್ಟಿಕ್ ಒಸರುತ್ತದೆ. ವೇಗ ಅರ್ಧಕ್ಕೆ ಇಳಿಸಿ ತುಂಡು ಪ್ರಿಂಟ್ ಮಾಡಿ ನೋಡಿ. ಗುಳ್ಳೆ ಮಾಯವಾದರೆ ಕಾರಣ ಇದೇ. ಒಂದೊಂದು ತುಣುಕು ಒಂದು ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ ಸಾಕು. ಅದಕ್ಕಿಂತ ಸಣ್ಣದನ್ನು ಕಣ್ಣು ಗುರುತಿಸುವುದಿಲ್ಲ.

ಲಕ್ಷಣ: ಬುಡದಿಂದ ಬಾಯಿಯವರೆಗೆ ಒಂದು ಗಾಯದ ಗೆರೆ

ಹೂದಾನಿ ವಿಧಾನದ ದೊಡ್ಡ ಆಕರ್ಷಣೆಯೇ ಸೇರುಗೆರೆ ಇಲ್ಲದಿರುವುದು. ಹಾಗಿದ್ದೂ ಗೆರೆ ಬಂದರೆ ಮೊದಲು ಆಯ್ಕೆ ಆನ್ ಆಗಿತ್ತೇ ನೋಡಿ. ಆನ್ ಆಗಿದ್ದೂ ಬಂದರೆ ಅದಕ್ಕೂ ತಿರುವೇ ಕಾರಣ. ಸ್ಲೈಸರ್ ಪ್ರತಿ ಪದರದ ಗೆರೆಯನ್ನು ಒಂದೇ ಎತ್ತರದಲ್ಲಿ ಕತ್ತರಿಸಿ ತೆಗೆದು, ಆಮೇಲೆ ಅದರ ಎತ್ತರವನ್ನು ಮಾತ್ರ ನಿಧಾನವಾಗಿ ಏರಿಸುತ್ತದೆ. ಸುತ್ತು ಮುಗಿದ ಕಡೆ ಮುಂದಿನ ಪದರದ ಗೆರೆಗೆ ಹಾರಬೇಕು. ನೇರ ಗೋಡೆಯಲ್ಲಿ ಎರಡೂ ಗೆರೆ ಒಂದರ ಮೇಲೊಂದು ಇರುವುದರಿಂದ ಹಾರುವ ದೂರ ಸೊನ್ನೆ. ತಿರುಚಿದ ಗೋಡೆಯಲ್ಲಿ ಆ ದೂರ ನಾವು ಮೇಲೆ ಲೆಕ್ಕ ಹಾಕಿದ `shift` ಆಗಿರಬಲ್ಲದು. 0.13 ಮಿಲಿಮೀಟರಿನ ಜಿಗಿತವೂ ಬೆಳಕಿನಲ್ಲಿ ಕಾಣುತ್ತದೆ.

OrcaSlicer ಮತ್ತು Bambu Studio ತಂತ್ರಾಂಶಗಳಲ್ಲಿ `Smooth Spiral` ಎಂಬ ಆಯ್ಕೆ ಇದೆ, Cura ದಲ್ಲಿ `Smooth Spiralized Contours`. ಇವು ಪಕ್ಕದ ಸರಿತವನ್ನೂ ಸುತ್ತಿನುದ್ದಕ್ಕೂ ಹಂಚುತ್ತವೆ. ಮೇಲ್ಮೈಯಲ್ಲಿ ಅತಿ ಸಣ್ಣ ಕೆತ್ತನೆ ಇದ್ದರೆ ಅದು ಸ್ವಲ್ಪ ಮಂಕಾಗುತ್ತದೆ. ದೊಡ್ಡ ಏಣುಗಳಿಗೆ ಏನೂ ಆಗುವುದಿಲ್ಲ.

ಲಕ್ಷಣ: ಮೇಲೇರಿದಂತೆ ಗೋಡೆ ನಡುಗಿದ ಗುರುತು, ಬಾಯಿ ಅಂಡಾಕಾರವಾಗಿದೆ

ಎತ್ತರ ಹೆಚ್ಚಿದಂತೆ ತೆಳು ಗೋಡೆ ನಾಝಲಿನ ಜೊತೆ ಅಲುಗಾಡುತ್ತದೆ. ಮೊದಲು ವೇಗ ಇಳಿಸಿ ನೋಡಿ. ಅದರಿಂದ ಹೋಗದಿದ್ದರೆ ಬಾಯಿಯ ಆಕಾರವನ್ನು ಗಮನಿಸಿ. ಏಣುಗಳನ್ನು ಬಾಯಿಯ ಹತ್ತಿರ ಕರಗಿಸಿ ದುಂಡು ಮಾಡಿದರೆ ನೋಡಲು ಚೆಂದ, ಆದರೆ ಏಣು ಕರಗಿದ ಕಡೆ ಬಲವೂ ಕರಗುತ್ತದೆ. ಸಾದಾ ಹಾಳೆಯನ್ನು ನಿಲ್ಲಿಸಿದರೆ ಬಾಗುತ್ತದೆ, ಮಡಿಕೆ ಹಾಕಿದ ಹಾಳೆ ನಿಲ್ಲುತ್ತದೆ, ಇದೂ ಅಷ್ಟೇ. ಏಣು ಕೊನೆಯ ಸುತ್ತಿನವರೆಗೂ ಇರಲಿ. ಬುಡ ಹೊಟ್ಟೆಗಿಂತ ತೀರಾ ಕಿರಿದಾಗಿದ್ದರೂ ಹೀಗಾಗುತ್ತದೆ.

ಲಕ್ಷಣ: ನೀರು ಜಿನುಗುತ್ತದೆ

ನೀರು ತುಂಬುವ ಪರೀಕ್ಷೆಯನ್ನು ಪ್ರಿಂಟರ್ ಇರುವ ಮೇಜಿನ ಮೇಲೆ ಮಾಡಬೇಡಿ, ವಿದ್ಯುತ್ ಇರುವ ಕಡೆಯಿಂದ ದೂರ ಬಚ್ಚಲಿಗೆ ಒಯ್ಯಿರಿ. ಒಣ ಕಾಗದದ ಮೇಲೆ ಹೂದಾನಿ ಇಟ್ಟು ಅರ್ಧ ಗಂಟೆ ಬಿಡಿ. ಕಾಗದ ವೃತ್ತಾಕಾರವಾಗಿ ಅಂಚಿನಲ್ಲಿ ಒದ್ದೆಯಾದರೆ ತಳ ಮತ್ತು ಗೋಡೆ ಸೇರುವ ಕಡೆ ಬಿರುಕಿದೆ. ಆಗ ತಳದ ಪದರಗಳನ್ನು ಐದಕ್ಕೆ ಏರಿಸಿ. ಬುಡದಿಂದಲೇ ಜೋರಾಗಿ ಹೊರಕ್ಕೆ ಉಬ್ಬುವ ವಿನ್ಯಾಸವಾಗಿದ್ದರೆ ಮೊದಲ ಎರಡು ಮೂರು ಮಿಲಿಮೀಟರ್ ಉಬ್ಬಿಲ್ಲದೆ ನೇರ ಏರಿಸಿ. ಕಾಗದದ ನಡುವೆ ಒದ್ದೆಯಾದರೆ ತಳದ ಎಳೆಗಳ ನಡುವೆ ಸಂದಿ ಇದೆ. ಹೊರಗೋಡೆಯಲ್ಲೇ ಹನಿ ಕಂಡರೆ ಮೇಲೆ ಹೇಳಿದ ಇಳಿಜಾರಿನ ಕಾಯಿಲೆ ಪೂರ್ತಿ ವಾಸಿಯಾಗಿಲ್ಲ.

ಪ್ರಾಮಾಣಿಕವಾಗಿ ಹೇಳುವುದಾದರೆ, ಒಂದು ಎಳೆಯ ಗೋಡೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲಿಸುವುದನ್ನು ನಾನು ನಂಬುವುದಿಲ್ಲ. ತಾಜಾ ಹೂವಿಗೆ ಒಳಗೊಂದು ಗಾಜಿನ ಲೋಟ ಇಡಿ. ಕುಡಿಯುವ ನೀರಿಗೆ, ತಿನ್ನುವ ಪದಾರ್ಥಕ್ಕೆ ಇದನ್ನು ಬಳಸಬೇಡಿ. ಪದರಗಳ ನಡುವಿನ ಸಂದಿಗಳನ್ನು ತೊಳೆದು ಶುಚಿ ಮಾಡಲಾಗುವುದಿಲ್ಲ.

ಯಾವಾಗ ನಿಲ್ಲಿಸಬೇಕು

ಪ್ರಿಂಟ್ ನಡೆಯುತ್ತಿರುವಾಗ ಸಡಿಲವಾದ ಎಳೆಯನ್ನು ಬೆರಳಿನಿಂದ ಎಳೆಯಲು ಹೋಗಬೇಡಿ. ನಾಝಲ್ 200 ಡಿಗ್ರಿಗೂ ಹೆಚ್ಚು ಕಾದಿರುತ್ತದೆ, ಹೂದಾನಿ ವಿಧಾನದಲ್ಲಿ ಅದು ಎಲ್ಲೂ ನಿಲ್ಲದೆ ಸುತ್ತುತ್ತಲೇ ಇರುತ್ತದೆ. ವಿರಾಮ ಕೊಟ್ಟು, ನಾಝಲ್ ದೂರ ಸರಿದ ಮೇಲೆ ಚಿಮುಟದಿಂದ ತೆಗೆಯಿರಿ. ವಿರಾಮ ಕೊಟ್ಟ ಕಡೆ ಒಂದು ಮಚ್ಚೆ ಉಳಿಯುತ್ತದೆ, ವಿದ್ಯುತ್ ಹೋಗಿ ಬಂದರೂ ಹಾಗೆಯೇ. ಅದನ್ನು ಒಪ್ಪಿಕೊಳ್ಳಬೇಕು. ಒಡೆದ ಏಕಗೋಡೆಯ ಅಂಚು ಚಾಕುವಿನಂತೆ ಹರಿತ, ಕೆಟ್ಟ ಹೂದಾನಿಯನ್ನು ಬರಿಗೈಯಲ್ಲಿ ಹಿಸುಕಿ ಮುರಿಯಬೇಡಿ.

ಸಾದಾ ಸಿಲಿಂಡರ್ ಕೂಡ ಒಣ ಫಿಲಮೆಂಟಿನಲ್ಲಿ ಎರಡು ಬಾರಿ ಕೆಟ್ಟರೆ, ಅಥವಾ ಫಿಲಮೆಂಟ್ ತಳ್ಳುವ ಭಾಗ ಟಿಕ್ ಟಿಕ್ ಎಂದು ಹಿಂದೆ ಜಾರುತ್ತಲೇ ಇದ್ದರೆ, ಯಂತ್ರ ಬಲ್ಲವರಿಗೆ ತೋರಿಸಿ. ಅವರ ಬಳಿಗೆ ಆ ಸಿಲಿಂಡರನ್ನೇ ಒಯ್ಯಿರಿ, ತಿರುಚಿದ ಹೂದಾನಿಯನ್ನಲ್ಲ, ಆಗ ದೋಷ ವಿನ್ಯಾಸದ್ದೇ ಎಂಬ ಅನುಮಾನಕ್ಕೆ ಎಡೆ ಇರುವುದಿಲ್ಲ. ಪರದೆಯಲ್ಲಿ ನಾಝಲಿನ ಉಷ್ಣತೆ ಏರಿಳಿಯುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ತಂತಿಯ ಜೋಡಣೆ ಕಂದು ಬಣ್ಣಕ್ಕೆ ತಿರುಗಿದ್ದರೆ ಪ್ರಿಂಟ್ ಮುಗಿಯಲಿ ಎಂದು ಕಾಯಬೇಡಿ. ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ತಣ್ಣಗಾಗುವವರೆಗೆ ಯಂತ್ರದ ಬಳಿಯೇ ಇರಿ.